ಎರಡು ಮಕ್ಕಳ ಒಂದು ಶಾಲಾ ವರ್ಷಕ್ಕೆ ಎಷ್ಟು ಹಣ ಬೇಕು? ಹಲಕರ್ಣಿ ಭಾಗದ ಕನ್ನಡ ಶಾಲೆಯ ಪಾಲಕರಿಗೊಂದು ಲೆಕ್ಕ

ಜೂನ್ ತಿಂಗಳ ಮಧ್ಯಭಾಗದಲ್ಲಿ ಮಹಾರಾಷ್ಟ್ರದ ಶಾಲೆಗಳು ಆರಂಭವಾಗುತ್ತವೆ. ಅದೇ ಹೊತ್ತಿಗೆ ಹಲಕರ್ಣಿ ಭಾಗದ ಹೊಲಗಳಲ್ಲಿ ಸೋಯಾಬೀನ್, ಶೇಂಗಾ ಬಿತ್ತನೆ ನಡೆದಿರುತ್ತದೆ. ಬೀಜ, ಗೊಬ್ಬರಗಳಿಗೆ ಹಣ ಹೊಂದಿಸುವ ವಾರವೇ ಶಾಲೆಯ ಖರ್ಚಿನ ವಾರವೂ ಆಗಿರುತ್ತದೆ. ಕಬ್ಬಿನ ಬಿಲ್ಲು ಕೈಸೇರುವುದು ಬೇಸಿಗೆಗೆ ಮೊದಲು. ಜೂನ್ ಬರುವಷ್ಟರಲ್ಲಿ ಅದು ಕರಗಿಹೋಗಿರುತ್ತದೆ. ಆದ್ದರಿಂದ ವರ್ಷಕ್ಕೆ ಒಟ್ಟು ಎಷ್ಟು ಹಣ ಬೇಕು ಎಂಬ ಪ್ರಶ್ನೆಯಷ್ಟೇ ಮುಖ್ಯವಾದುದು, ಅದು ಯಾವ ತಿಂಗಳಲ್ಲಿ ಬೇಕು ಎಂಬ ಪ್ರಶ್ನೆ.

ಉದಾಹರಣೆಗಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮಗ ಊರಿನ ಜಿಲ್ಲಾ ಪರಿಷದ್ ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆ. ಮಗಳು ಊರಿನಿಂದ 12 ಕಿಲೋಮೀಟರ್ ದೂರದಲ್ಲಿರುವ, ಸರ್ಕಾರದ ಅನುದಾನ ಪಡೆಯುವ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಒಂಬತ್ತನೆಯ ಇಯತ್ತೆ. ಕೆಳಗೆ ಬರುವ ಬೆಲೆಗಳು ಲೆಕ್ಕ ಹಾಕುವ ಕ್ರಮವನ್ನು ತೋರಿಸಲು ಇಟ್ಟುಕೊಂಡ ಅಂದಾಜುಗಳು. ನಿಮ್ಮ ಅಂಗಡಿಯ, ನಿಮ್ಮ ಶಾಲೆಯ ಅಂಕಿಗಳನ್ನು ಅವುಗಳ ಜಾಗದಲ್ಲಿ ಇಟ್ಟುಕೊಂಡರೆ ನಿಮ್ಮ ಮನೆಯ ಲೆಕ್ಕ ಸಿದ್ಧವಾಗುತ್ತದೆ.

ಎಂಟನೆಯ ಇಯತ್ತೆ ದಾಟಿದ ಮೇಲೆ

ಎರಡು ಮಕ್ಕಳಿದ್ದಾರೆ ಎಂದು ಒಬ್ಬರ ಖರ್ಚನ್ನು ಎರಡರಿಂದ ಗುಣಿಸುವುದು ನಮ್ಮಲ್ಲಿ ಸಾಮಾನ್ಯವಾಗಿ ಆಗುವ ಮೊದಲ ತಪ್ಪು. 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೆಯ ಇಯತ್ತೆಯವರೆಗೆ, ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಉಚಿತ ಪಠ್ಯಪುಸ್ತಕ, ಮಧ್ಯಾಹ್ನದ ಊಟ ಇವೆಲ್ಲ ಅಲ್ಲಿಗೇ ನಿಲ್ಲುತ್ತವೆ. ಎಂಟರಿಂದ ಒಂಬತ್ತಕ್ಕೆ ಹೋಗುವ ಮಗು ಮನೆಯ ಲೆಕ್ಕದಲ್ಲಿ ಒಂದು ತರಗತಿ ಮೇಲಕ್ಕೆ ಹೋಗುವುದಿಲ್ಲ, ಒಂದು ಮೆಟ್ಟಿಲನ್ನೇ ಹಾರುತ್ತದೆ. ಆ ವರ್ಷ ಯಾವುದು ಎಂಬುದು ಪಾಲಕರಿಗೆ ಮೊದಲೇ ಗೊತ್ತಿರುವುದರಿಂದ, ಅದರ ಹಿಂದಿನ ವರ್ಷವೇ ಸಿದ್ಧತೆ ಮಾಡಿಕೊಳ್ಳಬಹುದು.

ಮಗನ ಶಾಲೆಯಲ್ಲಿ ಶುಲ್ಕವಿಲ್ಲ. ಪುಸ್ತಕಗಳು ಶಾಲೆಯಿಂದಲೇ ಬರುತ್ತವೆ. ಮಗಳ ಅನುದಾನಿತ ಶಾಲೆಯಲ್ಲಿಯೂ ಬೋಧನಾ ಶುಲ್ಕ ಇರುವುದಿಲ್ಲ, ಏಕೆಂದರೆ ಮಹಾರಾಷ್ಟ್ರದಲ್ಲಿ ಹೆಣ್ಣುಮಕ್ಕಳಿಗೆ ಹನ್ನೆರಡನೆಯ ಇಯತ್ತೆಯವರೆಗೆ ಅದರ ಮಾಫಿ ಇದೆ. ಆದರೆ ಸತ್ರ ಶುಲ್ಕ, ಪರೀಕ್ಷೆ, ಪ್ರಯೋಗಾಲಯ, ಗಣಕಯಂತ್ರ, ಗುರುತಿನ ಚೀಟಿ ಎಂಬ ಹೆಸರುಗಳಲ್ಲಿ ಸಣ್ಣ ಸಣ್ಣ ಮೊತ್ತಗಳು ಬರುತ್ತವೆ. ಇವೆಲ್ಲ ಸೇರಿ ವರ್ಷಕ್ಕೆ 900 ರೂಪಾಯಿ ಎಂದಿಟ್ಟುಕೊಳ್ಳೋಣ. ಪ್ರವೇಶದ ದಿನವೇ ವರ್ಷದಲ್ಲಿ ಇನ್ನೇನೇನು ಕೊಡಬೇಕಾಗುತ್ತದೆ ಎಂದು ಕೇಳಿ ಬರೆದುಕೊಳ್ಳುವುದು ಉತ್ತಮ. ಕೊಟ್ಟ ಪ್ರತಿಯೊಂದಕ್ಕೂ ಪಾವತಿ ಪಡೆಯಿರಿ. (ಪಾವತಿಯ ಜೊತೆಗೆ ಪ್ರತಿ ವರ್ಷದ ಗುಣಪತ್ರಿಕೆಗಳನ್ನೂ ಕಾಯ್ದಿಡಿ. ಮುಂದೆ ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕುವಾಗ ಗಡಹಿಂಗ್ಲಜ ತಾಲೂಕಿನಲ್ಲಿ ಓದಿದ ವರ್ಷಗಳ ದಾಖಲೆ ಬೇಕಾಗುತ್ತದೆ.)

ಪುಸ್ತಕ ಅಗ್ಗ, ಗೈಡು ದುಬಾರಿ

ಒಂಬತ್ತನೆಯ ಇಯತ್ತೆಯ ಕನ್ನಡ ಮಾಧ್ಯಮದ ಪುಸ್ತಕಗಳನ್ನು ಪುಣೆಯ ಬಾಲಭಾರತಿಯೇ ಪ್ರಕಟಿಸುತ್ತದೆ. ಬೆಲೆಯನ್ನು ಪುಸ್ತಕದ ಮೇಲೆಯೇ ಮುದ್ರಿಸಿರುತ್ತಾರೆ. ಅದಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ. ತೊಂದರೆ ಬೆಲೆಯದಲ್ಲ, ಸಿಗುವುದರದು. ಅಂಗಡಿಗಳಲ್ಲಿ ಮರಾಠಿ ಸೆಟ್ಟುಗಳು ರಾಶಿ ಬಿದ್ದಿರುತ್ತವೆ, ಕನ್ನಡದವನ್ನು ಹೇಳಿ ತರಿಸಬೇಕಾಗುತ್ತದೆ. ಒಂದೇ ತರಗತಿಯ ನಾಲ್ಕೈದು ಪಾಲಕರು ಸೇರಿ ಮೇ ತಿಂಗಳಲ್ಲೇ ಅಂಗಡಿಯವರಿಗೆ ಹೇಳಿಟ್ಟರೆ, ಅಥವಾ ಕೊಲ್ಹಾಪುರದ ಬಾಲಭಾರತಿ ಭಂಡಾರಕ್ಕೆ ಒಬ್ಬರೇ ಹೋಗಿ ಎಲ್ಲರದನ್ನೂ ತಂದರೆ, ಪ್ರತಿಯೊಬ್ಬರ ಬಸ್ ಖರ್ಚು ಉಳಿಯುತ್ತದೆ. ಪುಸ್ತಕ ಬರುವುದು ತಡವಾದರೆ ebalbharati.in ತಾಣದಲ್ಲಿ ಪಿಡಿಎಫ್ ಪ್ರತಿಗಳು ಉಚಿತವಾಗಿ ದೊರೆಯುತ್ತವೆ. ಆದರೆ ಇಡೀ ಪುಸ್ತಕವನ್ನು ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಲು ಹೊರಟರೆ ಹೊಸ ಪುಸ್ತಕದ ಬೆಲೆಯನ್ನು ಮೀರಿಹೋಗುತ್ತದೆ. ಬೇಕಾದ ಒಂದೆರಡು ಪಾಠಗಳನ್ನಷ್ಟೇ ತೆಗೆಸಿಕೊಳ್ಳಿ.

ಹಿಂದಿನ ವರ್ಷದ ವಿದ್ಯಾರ್ಥಿಗಳ ಪುಸ್ತಕ ತೆಗೆದುಕೊಳ್ಳುವುದು ಒಳ್ಳೆಯ ಉಪಾಯ. ಮಹಾರಾಷ್ಟ್ರದಲ್ಲಿ ಈಗಿರುವ ಒಂಬತ್ತನೆಯ ಪಠ್ಯ 2017ರಲ್ಲಿಯೂ ಹತ್ತನೆಯದು 2018ರಲ್ಲಿಯೂ ಬಂದವು. ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮವು 2025-26ರಲ್ಲಿ ಒಂದನೆಯ ಇಯತ್ತೆಯಿಂದ ಆರಂಭವಾಗಿ ಹಂತಹಂತವಾಗಿ ಮೇಲಿನ ತರಗತಿಗಳಿಗೆ ಬರುತ್ತದೆ. ಆದ್ದರಿಂದ ಹಳೆಯ ಪುಸ್ತಕ ಕೊಳ್ಳುವ ಮೊದಲು, ಈ ವರ್ಷ ಅದೇ ಪಠ್ಯ ನಡೆಯುತ್ತದೆಯೇ ಎಂದು ಗುರುಗಳನ್ನು ಕೇಳಿ. ತಂಗಿಗಾಗಿ ತಮ್ಮನಿಗಾಗಿ ಎಂದು ನಾಲ್ಕು ವರ್ಷದ ಪುಸ್ತಕಗಳನ್ನು ಕಟ್ಟಿಡುವ ಕಾಲ ಇದಲ್ಲ.

ಗಡಿಯಲ್ಲಿರುವ ನಮಗೆ ಮಾತ್ರ ಆಗುವ ಇನ್ನೊಂದು ನಷ್ಟವಿದೆ. ಮಹಾರಾಷ್ಟ್ರ ಪಠ್ಯಕ್ಕೆ ಕನ್ನಡದಲ್ಲಿ ಗೈಡುಗಳು ಸುಲಭವಾಗಿ ಸಿಗುವುದಿಲ್ಲ. ಸಂಕೇಶ್ವರಕ್ಕೋ ನಿಪ್ಪಾಣಿಗೋ ಹೋದರೆ ಒಂಬತ್ತನೆಯ ತರಗತಿಯ ಕನ್ನಡ ಗೈಡುಗಳು ಅಂಗಡಿಯ ಮುಂದೆಯೇ ತೂಗಿರುತ್ತವೆ. ಕನ್ನಡದ್ದೇ, ಒಂಬತ್ತನೆಯದೇ ಎಂದು ತಂದುಬಿಡುತ್ತೇವೆ. ಆದರೆ ಅವು ಕರ್ನಾಟಕ ಪಠ್ಯದವು. ಅಲ್ಲಿ ಪ್ರೌಢಶಾಲೆಯ ಗಣಿತ, ವಿಜ್ಞಾನಗಳಿಗೆ ಎನ್‌ಸಿಇಆರ್‌ಟಿ ಪಠ್ಯವನ್ನು ಅಳವಡಿಸಿಕೊಂಡಿದ್ದಾರೆ. ನಮ್ಮಲ್ಲಿ ಬಾಲಭಾರತಿಯದೇ ಬೇರೆ ಪಠ್ಯ. ಪಾಠಗಳ ಕ್ರಮ, ಲೆಕ್ಕಗಳು, ಪ್ರಶ್ನೆಪತ್ರಿಕೆಯ ರೂಪ ಯಾವುದೂ ಹೊಂದುವುದಿಲ್ಲ. ಕೊಳ್ಳುವ ಮೊದಲು ಗೈಡಿನ ಪರಿವಿಡಿಯನ್ನು ಮಗುವಿನ ಪುಸ್ತಕದ ಪರಿವಿಡಿಯ ಪಕ್ಕದಲ್ಲಿಟ್ಟು ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಹೊಂದದಿದ್ದರೆ ಹಾಗೆಯೇ ಬಿಟ್ಟು ಬನ್ನಿ.

ನಮ್ಮ ಲೆಕ್ಕದಲ್ಲಿ ಮಗಳ ಪಠ್ಯಪುಸ್ತಕಗಳಿಗೆ 700, ವಹಿಗಳು, ಪ್ರಯೋಗದ ಜರ್ನಲ್, ಕಂಪಾಸ್ ಪೆಟ್ಟಿಗೆಗಳಿಗೆ 900 ರೂಪಾಯಿ. ಮಗನಿಗೆ ವಹಿ, ಪೆನ್ನು ಇತ್ಯಾದಿ 500.

ಸಮವಸ್ತ್ರದ ಎರಡು ಜೊತೆ

ಜಿಲ್ಲಾ ಪರಿಷದ್ ಶಾಲೆಯ ಮಕ್ಕಳಿಗೆ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಎರಡು ಜೊತೆ ಸಮವಸ್ತ್ರಕ್ಕೆ ಒಟ್ಟು 600 ರೂಪಾಯಿಯ ಅವಕಾಶವಿದೆ. ಬಟ್ಟೆ, ಹೊಲಿಗೆ ಎರಡೂ ಸೇರಿ ಒಂದು ಜೊತೆಗೆ 300 ಎಂದರೆ ಬಟ್ಟೆಯ ಗುಣ ಎಂಥದಿರಬಹುದೆಂದು ಊಹಿಸಿಕೊಳ್ಳಬಹುದು. ಅದು ಶಾಲೆ ಆರಂಭವಾದ ದಿನವೇ ಕೈಸೇರುತ್ತದೆಂಬ ಭರವಸೆಯೂ ಇಲ್ಲ. ಹಿಂದಿನ ವರ್ಷದ ಒಂದು ಜೊತೆ ಇನ್ನೂ ತೊಡುವಂತಿದ್ದರೆ ಸರಿ. ಇಲ್ಲವಾದರೆ ಹೆಚ್ಚುವರಿ ಒಂದು ಜೊತೆಗೆ 650 ಹಿಡಿಯಿರಿ. ಹೊಲಿಸುವಾಗ ಅಂಚಿನಲ್ಲಿ ಎರಡು ಬೆರಳು ಬಟ್ಟೆ ಬಿಡಿಸಿದರೆ ಮುಂದಿನ ಜೂನ್‌ವರೆಗೂ ನಡೆಯುತ್ತದೆ. ಮಗನ ಬೂಟು 450, ಚೀಲ 500, ರೇನ್‌ಕೋಟು 350.

ಒಂಬತ್ತನೆಯ ಇಯತ್ತೆಯ ಮಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲ. ಎರಡು ಜೊತೆಗೆ 1,900, ಬೂಟು 600, ಚೀಲ 700, ಕೊಡೆ 300, ಒಟ್ಟು 3,500.

ಬಸ್ಸು: ಹತ್ತು ದಿನದ ಲೆಕ್ಕ

ಎಸ್.ಟಿ. ಬಸ್ಸಿನ ದರವನ್ನು 6 ಕಿಲೋಮೀಟರಿಗೆ ಒಂದು ಹಂತದಂತೆ ಲೆಕ್ಕ ಹಾಕುತ್ತಾರೆ. 12 ಕಿಲೋಮೀಟರ್ ಎಂದರೆ ಎರಡು ಹಂತ. ಒಂದು ಕಡೆಗೆ 21 ರೂಪಾಯಿ ಎಂದಿಟ್ಟುಕೊಂಡರೆ ಹೋಗಿಬರಲು ದಿನಕ್ಕೆ 42. ವರ್ಷದಲ್ಲಿ 220 ದಿನ ಶಾಲೆ ನಡೆದರೆ ಟಿಕೆಟ್ ತೆಗೆದು ಹೋಗುವ ವಿದ್ಯಾರ್ಥಿಗೆ 9,240 ರೂಪಾಯಿ ತಗಲುತ್ತದೆ.

ವಿದ್ಯಾರ್ಥಿಗಳ ಮಾಸಿಕ ಪಾಸಿನಲ್ಲಿ ಶೇ. 66.67 ರಿಯಾಯಿತಿ ಇದೆ. 30 ದಿನದ ಪ್ರಯಾಣಕ್ಕೆ ಮೂರನೆಯ ಒಂದು ಭಾಗ, ಅಂದರೆ 10 ದಿನದ ಹೋಗಿಬರುವ ದರವನ್ನಷ್ಟೇ ತುಂಬಬೇಕು. ನಮ್ಮ ಉದಾಹರಣೆಯಲ್ಲಿ ಅದು 420 ರೂಪಾಯಿ. ಹತ್ತು ಪಾಸಿಗೆ 4,200. ಇಲ್ಲಿ ನೆನಪಿಡಬೇಕಾದ ಸಂಖ್ಯೆ ಹತ್ತು. ಮುಂದಿನ 30 ದಿನಗಳಲ್ಲಿ ಶಾಲೆ ಹತ್ತು ದಿನಕ್ಕಿಂತ ಹೆಚ್ಚು ನಡೆಯುವುದಿದ್ದರೆ ಪಾಸು ಲಾಭ, ಕಡಿಮೆಯಿದ್ದರೆ ಟಿಕೆಟ್ಟೇ ಅಗ್ಗ. ದೀಪಾವಳಿ ರಜೆಗೆ ಒಂದು ವಾರ ಮೊದಲು ಹೊಸ ಪಾಸು ತೆಗೆಸಿದರೆ ಅರ್ಧ ಹಣ ರಜೆಯಲ್ಲಿ ಮುಳುಗುತ್ತದೆ. ಆ ವಾರ ಟಿಕೆಟ್ ತೆಗೆದು ಹೋಗಿ, ಶಾಲೆ ಮತ್ತೆ ಆರಂಭವಾದ ದಿನದಿಂದ ಪಾಸು ಮಾಡಿಸುವುದು ಜಾಣತನ.

ಹೆಣ್ಣುಮಕ್ಕಳ ವಿಷಯ ಬೇರೆ. ಗ್ರಾಮೀಣ ಭಾಗದ ವಿದ್ಯಾರ್ಥಿನಿಯರಿಗೆ ಹನ್ನೆರಡನೆಯ ಇಯತ್ತೆಯವರೆಗೆ ಅಹಿಲ್ಯಾಬಾಯಿ ಹೋಳ್ಕರ್ ಯೋಜನೆಯಲ್ಲಿ ಎಸ್.ಟಿ. ಪಾಸು ಉಚಿತ. ಆದ್ದರಿಂದ ನಮ್ಮ ಲೆಕ್ಕದಲ್ಲಿ ಮಗಳ ಶಾಲೆಯ ಪ್ರಯಾಣಕ್ಕೆ ಸೊನ್ನೆ. ಇದಕ್ಕೆ ಶಾಲೆಯ ಬೋನಾಫೈಡ್ ಪ್ರಮಾಣಪತ್ರ ಬೇಕು. ಶಾಲೆಯವರೇ ಎಲ್ಲರ ಪಟ್ಟಿಯನ್ನು ಗಡಹಿಂಗ್ಲಜ ಆಗಾರಕ್ಕೆ ಕಳುಹಿಸಿದರೆ ಪಾಲಕರ ಒಂದು ದಿನದ ಕೂಲಿ ಉಳಿಯುತ್ತದೆ.

ಆದರೂ ಉಚಿತ ಪಾಸು ಇದ್ದ ಮಾತ್ರಕ್ಕೆ ಪ್ರಯಾಣದ ಸಾಲನ್ನು ಖಾಲಿ ಬಿಡುವಂತಿಲ್ಲ. ಪಾಸು ನಡೆಯುವುದು ಮನೆಯಿಂದ ಶಾಲೆಯವರೆಗಿನ ಮಾರ್ಗದಲ್ಲಿ, ಅದೂ ಮಹಾರಾಷ್ಟ್ರದ ಎಸ್.ಟಿ.ಯಲ್ಲಿ ಮಾತ್ರ. ಸಂಜೆ ಮೊದಲು ಬಂದು ನಿಲ್ಲುವುದು ಕರ್ನಾಟಕದ ಬಸ್ಸಾಗಿದ್ದರೆ ಆ ಪಾಸಿಗೆ ಅಲ್ಲಿ ಬೆಲೆಯಿಲ್ಲ. ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ನಮ್ಮ ಮಕ್ಕಳಿಗೆ ದೊರೆಯುವುದಿಲ್ಲ. ಅದಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಮಾತು ಕನ್ನಡವಾದರೂ ಆಧಾರದ ವಿಳಾಸ ಮಹಾರಾಷ್ಟ್ರದ್ದಲ್ಲವೇ! ಇನ್ನು ಟ್ಯೂಷನ್ ಮುಗಿಯುವಷ್ಟರಲ್ಲಿ ಎಸ್.ಟಿ. ಹೋಗಿಬಿಟ್ಟಿದ್ದರೆ ವಡಾಪವೇ ಗತಿ. ತಿಂಗಳಿಗೆ ಎಂಟು ಸಲ, ಸಲಕ್ಕೆ 30 ರೂಪಾಯಿ ಎಂದರೆ ತಿಂಗಳಿಗೆ 240, ಹತ್ತು ತಿಂಗಳಿಗೆ 2,400. ಟ್ಯೂಷನ್ನಿನ ಸಮಯವನ್ನು ಒಪ್ಪಿಕೊಳ್ಳುವ ಮೊದಲು ಬಸ್ಸಿನ ವೇಳಾಪಟ್ಟಿ ನೋಡಿದ ಪಾಲಕರಿಗೆ ಈ 2,400 ಉಳಿಯುತ್ತದೆ. ಕತ್ತಲಲ್ಲಿ ಮಗಳಿಗಾಗಿ ರಸ್ತೆ ಕಾಯುವ ಚಿಂತೆಯೂ ತಪ್ಪುತ್ತದೆ.

ಟ್ಯೂಷನ್ ಯಾವ ಭಾಷೆಯಲ್ಲಿ?

ಎಲ್ಲಕ್ಕಿಂತ ದೊಡ್ಡ ಮೊತ್ತ ಇಲ್ಲಿದೆ. ಮಗನಿಗೆ ಊರಲ್ಲೇ ತಿಂಗಳಿಗೆ 400, ಮಗಳಿಗೆ ಗಣಿತ, ವಿಜ್ಞಾನಕ್ಕೆ 800 ಎಂದಿಟ್ಟುಕೊಂಡರೆ ಹತ್ತು ತಿಂಗಳಿಗೆ 4,000 ಮತ್ತು 8,000. ಕನ್ನಡ ಮಾಧ್ಯಮದ ಮಕ್ಕಳ ಪಾಲಕರು ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಕ್ಲಾಸಿನಲ್ಲಿ ಪಾಠ ನಡೆಯುವುದು ಯಾವ ಭಾಷೆಯಲ್ಲಿ?

ಮಾತಾಡುವ ಮರಾಠಿ ನಮ್ಮ ಮಕ್ಕಳಿಗೆ ಬರುತ್ತದೆ, ಶಾಲೆಯಲ್ಲಿ ಒಂದು ವಿಷಯವಾಗಿಯೂ ಕಲಿಯುತ್ತಾರೆ. ಆದರೆ ವಿಜ್ಞಾನದ ಪದಗಳು ಬೇರೆ. ಕನ್ನಡದಲ್ಲಿ ವೇಗೋತ್ಕರ್ಷ ಎಂದು ಓದಿದ್ದನ್ನು ಮರಾಠಿ ಕ್ಲಾಸಿನಲ್ಲಿ ತ್ವರಣ ಎನ್ನುತ್ತಾರೆ. ದ್ಯುತಿಸಂಶ್ಲೇಷಣೆ ಅಲ್ಲಿ ಪ್ರಕಾಶಸಂಶ್ಲೇಷಣ. ಮಗುವಿಗೆ ಕ್ಲಾಸಿನಲ್ಲಿ ಎಲ್ಲ ತಿಳಿದಂತೆ ಅನಿಸುತ್ತದೆ, ಉತ್ತರಪತ್ರಿಕೆಯಲ್ಲಿ ಕನ್ನಡದಲ್ಲಿ ಬರೆಯುವಾಗ ಪದ ಸಿಗುವುದಿಲ್ಲ. ಗಣಿತಕ್ಕೆ ಈ ತೊಡಕು ಅಷ್ಟಿಲ್ಲ, ಲೆಕ್ಕದ ಹಂತಗಳು ಯಾವ ಭಾಷೆಯಲ್ಲಾದರೂ ಒಂದೇ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ತಿಂಗಳ ಹಣವನ್ನಷ್ಟೇ ಕೊಟ್ಟು ಕಳುಹಿಸಿ, ತಿಂಗಳ ಕೊನೆಗೆ ಕ್ಲಾಸಿನಲ್ಲಿ ಮುಗಿದ ಒಂದು ವಿಜ್ಞಾನ ಪಾಠದ ಹಿಂದಿನ ಪ್ರಶ್ನೆಗಳಿಗೆ ಪುಸ್ತಕ ಮುಚ್ಚಿ ಕನ್ನಡದಲ್ಲಿ ಉತ್ತರ ಬರೆಯಲು ಹೇಳಿ. ಬರೆದರೆ ಕ್ಲಾಸು ಉಪಯೋಗವಾಗುತ್ತಿದೆ. ಬಾಯಲ್ಲಿ ಹೇಳಿ, ಬರೆಯಲಾರದೆ ಹೋದರೆ ವಿಜ್ಞಾನಕ್ಕೆ ಕೊಡುವ ಹಣ ವ್ಯರ್ಥ. ಗಣಿತಕ್ಕೆ ಮಾತ್ರ ಕಳುಹಿಸಿ, ವಿಜ್ಞಾನಕ್ಕೆ ಶಾಲೆಯ ಗುರುಗಳನ್ನೇ ಕೇಳಿಕೊಳ್ಳುವುದು ಒಳಿತು.

ಐದನೆಯ ಇಯತ್ತೆಯ ಹುಡುಗನಿಗೆ ಟ್ಯೂಷನ್ ಬೇಕೇ ಎಂಬುದರ ಬಗ್ಗೆ ನನಗೆ ಅನುಮಾನವಿದೆ. ಅನೇಕ ಮನೆಗಳಲ್ಲಿ ಅದು ಓದಿಗಿಂತ ಹೆಚ್ಚಾಗಿ, ತಂದೆತಾಯಿ ಹೊಲದಿಂದ ಬರುವವರೆಗೆ ಮಗು ಒಂದೆಡೆ ಕುಳಿತಿರಲಿ ಎಂಬ ಏರ್ಪಾಡು. ಅದೂ ಒಂದು ಅಗತ್ಯವೇ. ಆದರೆ ಮೊತ್ತ ಹೊಂದದ ವರ್ಷ ಮೊದಲು ಕೈಬಿಡಬಹುದಾದ ಸಾಲು ಇದೇ ಎಂಬುದು ತಿಳಿದಿರಲಿ.

ವರ್ಷವಿಡೀ ಶುಲ್ಕವನ್ನು ಜೂನ್‌ನಲ್ಲೇ ತುಂಬಿದರೆ ರಿಯಾಯಿತಿ ಎನ್ನುವ ಕ್ಲಾಸುಗಳಿವೆ. ಮಗು ಆಗಸ್ಟ್‌ನಲ್ಲಿ ಬಿಟ್ಟರೆ ಹಣ ಮರಳುವುದೇ ಎಂದು ಮೊದಲೇ ಕೇಳಿ. ಉತ್ತರ ಸ್ಪಷ್ಟವಿಲ್ಲದಿದ್ದರೆ ತಿಂಗಳ ಲೆಕ್ಕವೇ ಕ್ಷೇಮ. ಒಂಬತ್ತನೆಯದು ಮುಗಿದೊಡನೆ ಬೇಸಿಗೆಯಲ್ಲಿ ಹತ್ತನೆಯ ಕ್ಲಾಸು ಆರಂಭವಾಗುವುದೂ ರೂಢಿ. ಆ ಖರ್ಚನ್ನು ಮುಂದಿನ ವರ್ಷದ ಲೆಕ್ಕಕ್ಕೆ ಸೇರಿಸಿ, ಹಣವನ್ನು ಮಾತ್ರ ಈ ವರ್ಷವೇ ತೆಗೆದಿಡಬೇಕು.

ಒಟ್ಟು ಕೂಡಿಸಿದಾಗ

ಮಗನದು: ಜೂನ್‌ನಲ್ಲಿ ಬಟ್ಟೆ, ಬೂಟು, ಚೀಲ, ರೇನ್‌ಕೋಟು, ವಹಿ ಸೇರಿ 2,450; ಟ್ಯೂಷನ್ 4,000; ಸಹಲು, ಸ್ನೇಹಸಮ್ಮೇಳನಕ್ಕೆ 500. ಒಟ್ಟು 6,950. ಮಗಳದು: ಶುಲ್ಕ, ಪುಸ್ತಕ, ವಹಿ, ಬಟ್ಟೆ ಸೇರಿ ಜೂನ್‌ನಲ್ಲಿ 6,000, ವಡಾಪ 2,400, ಟ್ಯೂಷನ್ 8,000, ಸಹಲು ಮುಂತಾದವಕ್ಕೆ 1,000. ಒಟ್ಟು 17,400. ಇಬ್ಬರದೂ ಸೇರಿ 24,350. ಬಿಟ್ಟುಹೋದವುಗಳಿಗಾಗಿ ನೂರಕ್ಕೆ ಹತ್ತರಂತೆ ಸೇರಿಸಿದರೆ ಸುಮಾರು 26,800. ಮಗಳ ಬದಲು ಮಗನೇ ಒಂಬತ್ತನೆಯದರಲ್ಲಿದ್ದು ಬಸ್ಸಿನಲ್ಲಿ ಹೋಗುವುದಾದರೆ ಪಾಸಿನ 4,200 ಇದಕ್ಕೆ ಕೂಡುತ್ತದೆ.

ಈ ಲೆಕ್ಕದಲ್ಲಿ ಟ್ಯೂಷನ್ ಮತ್ತು ಅದರ ಬೆನ್ನಿಗೆ ಬಂದ ವಡಾಪ ಎರಡೇ ಸೇರಿ 14,400, ಅಂದರೆ ಅರ್ಧಕ್ಕಿಂತ ಹೆಚ್ಚು. ವಹಿಯ ಬೆಲೆಯಲ್ಲಿ ಎರಡು ರೂಪಾಯಿ ಚೌಕಾಸಿ ಮಾಡುವ ನಾವು ಈ ಸಾಲನ್ನು ಪ್ರಶ್ನಿಸುವುದು ಅಪರೂಪ.

ಈಗ ತಿಂಗಳ ಪ್ರಶ್ನೆಗೆ ಬರೋಣ. 24,350ನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 2,030 ಬರುತ್ತದೆ. ಆದರೆ ಜೂನ್‌ನಲ್ಲಿ ಬೇಕಾಗುವುದು ಆರಂಭದ 8,450ರ ಜೊತೆಗೆ ಟ್ಯೂಷನ್, ವಡಾಪದ ಮೊದಲ ತಿಂಗಳ 1,440, ಒಟ್ಟು 9,890. ಸರಾಸರಿಯ ಹೆಚ್ಚುಕಡಿಮೆ ಐದು ಪಟ್ಟು. ಟ್ಯೂಷನ್ನಿನ ವರ್ಷದ ಹಣವನ್ನೂ ಒಮ್ಮೆಲೇ ತುಂಬಿದರೆ ಅದು 20,690ಕ್ಕೆ ಏರುತ್ತದೆ. ಬಿತ್ತನೆಯ ತಿಂಗಳಲ್ಲಿ ಸಾಲ ಮಾಡಿಸುವುದು ವರ್ಷದ ಒಟ್ಟು ಮೊತ್ತವಲ್ಲ, ಈ ಒಂದು ತಿಂಗಳ ಮೊತ್ತ. ಸಂಬಳದ ಮನೆಯಾದರೆ ಜುಲೈಯಿಂದ ಮೇವರೆಗೆ ತಿಂಗಳಿಗೆ 770 ರೂಪಾಯಿ ಬೇರೆ ಇಟ್ಟರೆ ಮುಂದಿನ ಜೂನ್‌ನ 8,450 ಸಿದ್ಧವಾಗಿರುತ್ತದೆ. ಕಬ್ಬಿನ ಮನೆಯಾದರೆ ಬಿಲ್ಲು ಬಂದ ವಾರವೇ ಆ ಮೊತ್ತವನ್ನು ಬೇರೊಂದು ಖಾತೆಗೆ ಹಾಕಿಬಿಡುವುದು ಸುಲಭ.

ಆದಾಯದ ಕಡೆ ಒಂದು ಸಾಲಿದೆ. ಎಂಟನೆಯ ಇಯತ್ತೆಯಲ್ಲಿರುವಾಗ ಬರೆಯುವ ರಾಷ್ಟ್ರೀಯ ಆರ್ಥಿಕ ದುರ್ಬಲ ಪ್ರತಿಭಾವಂತರ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ (ಎನ್.ಎಂ.ಎಂ.ಎಸ್.) ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯದರವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಮಹಾರಾಷ್ಟ್ರದಲ್ಲಿ ಈ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿಯೂ ಬರೆಯಬಹುದು. ತಂದೆತಾಯಿಯರ ವಾರ್ಷಿಕ ಆದಾಯ ಮೂರೂವರೆ ಲಕ್ಷವನ್ನು ಮೀರಿರಬಾರದು, ಏಳನೆಯದರಲ್ಲಿ ಶೇ. 55, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 50 ಅಂಕ ಇರಬೇಕು. ಜಿಲ್ಲಾ ಪರಿಷದ್ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ ಇದು ಅನ್ವಯ, ಖಾಸಗಿ ವಿನಾಅನುದಾನಿತ ಶಾಲೆಗಳವರಿಗಿಲ್ಲ. ಆಯ್ಕೆಯಾದ ಮೇಲೆ scholarships.gov.in ತಾಣದಲ್ಲಿ ಪ್ರತಿ ವರ್ಷ ಅರ್ಜಿ ತುಂಬಬೇಕು. ಒಂದು ವರ್ಷ ಮರೆತರೆ ಆ ವರ್ಷದ ಹಣ ಹೋಗುತ್ತದೆ. ನಮ್ಮ ಉದಾಹರಣೆಯ ಮನೆಯ ಒಟ್ಟು ಖರ್ಚಿನ ಅರ್ಧದಷ್ಟು ಇದೊಂದರಿಂದಲೇ ಬರುತ್ತದೆ. ಆದರೆ ಅದು ಜೂನ್‌ಗೆ ಬರುವ ಹಣವಲ್ಲ. ಜೂನ್‌ನ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ. ಬಂದಾಗ ಮುಂದಿನ ಜೂನ್‌ಗೆಂದು ಎತ್ತಿಡಿ.